ಕಬ್ಬಿಣದ ಮಾತ್ರೆ, ಕಪ್ಪು ಮಲ, ಮಲಬದ್ಧತೆ: ಹಿಮೋಗ್ಲೋಬಿನ್ 8.2ರಿಂದ 12.6ಕ್ಕೆ ಏರುವವರೆಗಿನ ನನ್ನ ಅನುಭವ

ಕಳೆದ ವಾರ ಡಾಕ್ಟರು ನನ್ನ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಿದರು. ಹಿಮೋಗ್ಲೋಬಿನ್ ಸರಿಹೋಯಿತು, ದೇಹದ ಕಬ್ಬಿಣದ ದಾಸ್ತಾನೂ ಒಂದು ಮಟ್ಟಕ್ಕೆ ಬಂದಿತು. ಆದರೆ ಈ ಚಿಕಿತ್ಸೆಯ ಮೊದಲ ಕೆಲವು ವಾರಗಳಲ್ಲಿ ನಾನು ಪಟ್ಟ ಪಾಡು ರಕ್ತಹೀನತೆಯಿಂದ ಬಂದದ್ದಲ್ಲ, ಅದರ ಮದ್ದಿನಿಂದ ಬಂದದ್ದು. ಈ ಮಾತ್ರೆ ತೆಗೆದುಕೊಂಡರೆ ಮಲ ಕಪ್ಪಾಗುತ್ತದೆ, ಗಟ್ಟಿಯಾಗುತ್ತದೆ ಎಂಬುದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಎಷ್ಟೋ ಹೆದರಿಕೆ, ಎಷ್ಟೋ ನೋವು ತಪ್ಪುತ್ತಿತ್ತು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ನನಗೆ ನಲವತ್ತೆರಡು ವರ್ಷ. ಮನೆ ವಿಜಯನಗರದಲ್ಲಿ, ಕೆಲಸ ವೈಟ್‌ಫೀಲ್ಡ್‌ನಲ್ಲಿ. ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವಾಗ ಎದೆ ಬಡಿದುಕೊಳ್ಳುವುದು, ಮಧ್ಯಾಹ್ನವಾಗುತ್ತಿದ್ದಂತೆ ತಲೆ ಭಾರವಾಗುವುದು, ತಲೆ ಬಾಚಿದರೆ ಕೂದಲು ಕೈಗೆ ಬರುವುದು, ಇವೆಲ್ಲ ಬಹಳ ದಿನಗಳಿಂದ ಇದ್ದವು. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿತ್ತು. ಮನೆಯ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆ ಬರೆದುಕೊಟ್ಟರು. ಹಿಮೋಗ್ಲೋಬಿನ್ 8.2 ಗ್ರಾಂ ಎಂದು ಬಂತು. ನನ್ನ ವಯಸ್ಸಿನ, ಗರ್ಭಿಣಿಯಲ್ಲದ ಹೆಂಗಸಿಗೆ ಅದು ಕನಿಷ್ಠ 12 ಇರಬೇಕು. ದೇಹದಲ್ಲಿ ಶೇಖರವಾಗಿರುವ ಕಬ್ಬಿಣವನ್ನು ಸೂಚಿಸುವ ಫೆರಿಟಿನ್ 6 ಇತ್ತು. ಅದು 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಬರಿದಾಗಿದೆ ಎಂದೇ ಅರ್ಥ. ಫೆರಿಟಿನ್ ಪರೀಕ್ಷೆಗೆ ಸಾಮಾನ್ಯ ರಕ್ತಪರೀಕ್ಷೆಗಿಂತ ಹೆಚ್ಚು ದುಡ್ಡಾಗುತ್ತದೆ ಎಂದು ಹಲವರು ಅದನ್ನು ಬಿಟ್ಟುಬಿಡುತ್ತಾರೆ, ಆದರೆ ಅದನ್ನು ಮಾಡಿಸುವುದು ಒಳ್ಳೆಯದು. ಥಲಸ್ಸೀಮಿಯಾದ ವಾಹಕರಾಗಿರುವವರಿಗೂ ರಕ್ತಕಣಗಳು ಚಿಕ್ಕದಾಗಿ, ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆಯಾಗಿ ಕಾಣಬಹುದು. ಅಂಥವರ ದಾಸ್ತಾನು ಸರಿಯಾಗಿದ್ದರೆ ಕಬ್ಬಿಣದ ಮಾತ್ರೆಯಿಂದ ಏನೂ ಪ್ರಯೋಜನವಿಲ್ಲ, ಮಲಬದ್ಧತೆ ಮಾತ್ರ ಉಳಿಯುತ್ತದೆ.

ಕ್ಲಿನಿಕ್ಕಿನಲ್ಲಿ ಕೊಟ್ಟ ಚೀಟಿಯಲ್ಲಿ ಎರಡು ಸಾಲುಗಳಿದ್ದವು. ಕಬ್ಬಿಣದ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ. ಕ್ಯಾಲ್ಸಿಯಂ ಮಾತ್ರೆ ರಾತ್ರಿ ಒಂದು. ಹೊರಗೆ ಸರದಿಯಲ್ಲಿ ಜನ ಕಾಯುತ್ತಿದ್ದರು, ಪ್ರಶ್ನೆ ಕೇಳುವುದಕ್ಕೆ ಸಮಯವೇ ಸಿಗಲಿಲ್ಲ. ಮೆಡಿಕಲ್ ಶಾಪಿನವರು ಚೀಟಿಯಲ್ಲಿ ಇದ್ದದ್ದನ್ನೇ ಪೊಟ್ಟಣದ ಮೇಲೆ ಮತ್ತೊಮ್ಮೆ ಬರೆದುಕೊಟ್ಟರು.

ಎರಡು ಮೂರು ದಿನಗಳಲ್ಲೇ ಮಲದ ಬಣ್ಣ ಬದಲಾಯಿತು. ಮೊದಲು ಕಡುಹಸಿರು, ಆಮೇಲೆ ಹಸಿರು ಬೆರೆತ ಕಪ್ಪು, ಆಮೇಲೆ ಪೂರ್ತಿ ಕಪ್ಪು. ನನಗೆ ಕೈಕಾಲು ತಣ್ಣಗಾದವು. ಅಮ್ಮನಿಗೆ ಹೇಳಿದಾಗ ಅವರು, “ಹೊಟ್ಟೆಯೊಳಗೆ ರಕ್ತ ಹೋಗ್ತಾ ಇದ್ರೆ ಹೀಗೇ ಆಗೋದು ಕಣೇ, ನಿಮ್ಮ ದೊಡ್ಡಪ್ಪನಿಗೂ ಹುಣ್ಣಾಗಿದ್ದಾಗ ಹೀಗೇ ಇತ್ತು” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಹೊಟ್ಟೆಯಲ್ಲಿ ಅಥವಾ ಸಣ್ಣ ಕರುಳಿನ ಮೇಲ್ಭಾಗದಲ್ಲಿ ರಕ್ತ ಸೋರಿದರೆ ಮಲ ಕಪ್ಪಾಗುತ್ತದೆ. ನನ್ನ ವಿಷಯದಲ್ಲಿ ಅದನ್ನು ಸುಲಭವಾಗಿ ತಳ್ಳಿಹಾಕುವಂತೆಯೂ ಇರಲಿಲ್ಲ. ಮುಟ್ಟಿನ ನೋವಿಗೆ ಪ್ರತಿ ತಿಂಗಳೂ ನೋವಿನ ಮಾತ್ರೆ ನುಂಗುತ್ತಿದ್ದೆ, ಅಂಥ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಕಚೇರಿಗೆ ರಜೆ ಹಾಕಿ, ನಮ್ಮ ಕುಟುಂಬವನ್ನು ಮೊದಲಿನಿಂದ ಬಲ್ಲ ಒಬ್ಬ ಹಿರಿಯ ಡಾಕ್ಟರಮ್ಮನ ಬಳಿಗೆ ಹೋದೆ. ಬೇಗ ಹೋಗಿದ್ದರೂ ನನ್ನ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ರಕ್ತಪರೀಕ್ಷೆಯ ವರದಿ, ಹಳೆಯ ಚೀಟಿ, ಮಾತ್ರೆಯ ಖಾಲಿ ಹಾಳೆ ಎಲ್ಲವನ್ನೂ ಒಯ್ದಿದ್ದೆ. ನೀವೂ ಹಾಳೆಯನ್ನು ಬಿಸಾಡದೆ ಜೊತೆಗೆ ಒಯ್ಯಿರಿ, ಏಕೆಂದರೆ ಮುಂದಿನ ಲೆಕ್ಕವೆಲ್ಲ ಅದರ ಹಿಂಬದಿಯ ಸಣ್ಣ ಅಕ್ಷರಗಳಲ್ಲಿದೆ.

ಡಾಕ್ಟರಮ್ಮ ಮೊದಲು ಕೇಳಿದ್ದು ಬಣ್ಣವನ್ನಲ್ಲ. “ಮಲ ಅಂಟಂಟಾಗಿದೆಯಾ? ನೀರು ಹಾಕಿದರೂ ಕಮೋಡಿಗೆ ಅಂಟಿಕೊಂಡು ಉಳಿಯುತ್ತಾ? ಎಂದೂ ಇಲ್ಲದ ಕೆಟ್ಟ ನಾತ ಇದೆಯಾ? ತಲೆ ಸುತ್ತು, ಹೊಟ್ಟೆ ಉರಿ, ವಾಂತಿ?” ಎಂದು ಒಂದೊಂದಾಗಿ ವಿಚಾರಿಸಿದರು. ನನ್ನ ಮಲ ಕಪ್ಪಾಗಿತ್ತು, ಆದರೆ ಗಟ್ಟಿಯಾಗಿ ರೂಪ ಹಿಡಿದುಕೊಂಡಿತ್ತು, ಹೊಳಪಿರಲಿಲ್ಲ, ಒಂದು ಸಲ ನೀರು ಬಿಟ್ಟರೆ ಹೋಗುತ್ತಿತ್ತು, ವಾಸನೆ ಎಂದಿನದೇ ಆಗಿತ್ತು. ಬಿಳಿ ಕಮೋಡಿನ ಅಂಚಿನಲ್ಲಿ ಉಳಿದ ತೆಳುವಾದ ಗೆರೆಯನ್ನು ಬೆಳಕಿನಲ್ಲಿ ನೋಡಿದರೆ ಅದು ಕಪ್ಪಲ್ಲ, ಕಡುಹಸಿರು ಎಂಬುದನ್ನು ನಾನೇ ಗಮನಿಸಿದ್ದೆ. ಅದನ್ನು ಹೇಳಿದಾಗ ಅವರು ತಲೆಯಾಡಿಸಿ, ಅದು ಕಬ್ಬಿಣದ ಲಕ್ಷಣ ಎಂದರು. ರಕ್ತದಿಂದ ಕಪ್ಪಾದ ಮಲ ಡಾಂಬರಿನಂತೆ ಹೊಳೆಯುತ್ತದೆ, ಅಂಟುತ್ತದೆ, ಸಾಮಾನ್ಯವಾಗಿ ಸಡಿಲವಾಗಿರುತ್ತದೆ, ಅದರ ದುರ್ನಾತ ಕೋಣೆಯನ್ನೆಲ್ಲ ತುಂಬುತ್ತದೆ. ಕರುಳು ಹೀರಿಕೊಳ್ಳದೆ ಉಳಿದ ಕಬ್ಬಿಣವು ಅಲ್ಲಿನ ಗಂಧಕದ ಸಂಯುಕ್ತಗಳೊಡನೆ ಸೇರಿ ಕಪ್ಪು ಬಣ್ಣ ತಾಳುತ್ತದೆ, ಅದು ಮಲದೊಡನೆ ಹೊರಹೋಗುತ್ತದೆ, ಅಷ್ಟೇ. ಆದರೂ ನೋವಿನ ಮಾತ್ರೆಯ ವಿಷಯ ಕೇಳಿದ ಮೇಲೆ ಅವರು ಹೊಟ್ಟೆಯನ್ನು ಒತ್ತಿ ನೋಡಿದರು, ನಾಡಿ ಮತ್ತು ರಕ್ತದೊತ್ತಡ ಪರೀಕ್ಷಿಸಿದರು, ಹಿಮೋಗ್ಲೋಬಿನ್ ಇನ್ನಷ್ಟು ಇಳಿದಿಲ್ಲವೆಂದು ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ರಕ್ತ ತೆಗೆಸಿದರು. ಇಳಿದಿರಲಿಲ್ಲ. ಬಣ್ಣವೊಂದನ್ನೇ ನೋಡಿ ಹೆದರಬಾರದು ಎಂಬುದು ಎಷ್ಟು ನಿಜವೋ, ಮಾತ್ರೆ ನುಂಗುತ್ತಿದ್ದೇವೆಂಬ ಧೈರ್ಯದಲ್ಲಿ ಅಂಟು, ನಾತ, ತಲೆಸುತ್ತುಗಳನ್ನು ಕಡೆಗಣಿಸಬಾರದು ಎಂಬುದೂ ಅಷ್ಟೇ ನಿಜ. ಮಲ ಡಾಂಬರಿನಂತಾದರೆ, ಕಾಫಿಪುಡಿಯಂಥ ವಾಂತಿಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲಾದರೆ ನಾಳೆಗೆಂದು ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಕಪ್ಪು ಬಣ್ಣದ ಭಯ ಅಲ್ಲಿಗೆ ಮುಗಿಯಿತು. ಆಗ ಮಾತ್ರೆಯ ಪ್ರಮಾಣವನ್ನು ಬದಲಾಯಿಸಲಿಲ್ಲ, ಏಕೆಂದರೆ ಮಲಬದ್ಧತೆ ಇನ್ನೂ ಅಷ್ಟಾಗಿ ಕಾಣಿಸಿರಲಿಲ್ಲ. ಅದು ಕಾಣಿಸಿಕೊಂಡದ್ದು ಎರಡನೆಯ ವಾರದ ಕೊನೆಯಲ್ಲಿ. ಮೊದಲು ಒಂದು ದಿನ ಬಿಟ್ಟು ಒಂದು ದಿನ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಹೋಗುವಂತಾಯಿತು. ಹೋದಾಗಲೂ ಹಿಕ್ಕೆ ಹಿಕ್ಕೆಯಾಗಿ, ಕಲ್ಲಿನಷ್ಟು ಗಟ್ಟಿ. ತಿಣುಕಿ ತಿಣುಕಿ ಬೆವರು ಬರುತ್ತಿತ್ತು, ಹೊಟ್ಟೆ ಉಬ್ಬರಿಸಿ ಸೀರೆಯ ಗಂಟು ಬಿಗಿಯಾಗುತ್ತಿತ್ತು. ಒಂದು ದಿನ ಚಾಕುವಿನಿಂದ ಕೊಯ್ದಂಥ ಉರಿಯಾಯಿತು, ನೀರಿನಲ್ಲಿ ಕೆಂಪು ರಕ್ತದ ಹನಿಗಳು ಕಂಡವು. ನನ್ನ ದಿನಚರಿಯೂ ಇದಕ್ಕೆ ಅನುಕೂಲವಾಗಿರಲಿಲ್ಲ. ತಿಂಡಿಯಾದ ಅರ್ಧ ಗಂಟೆಯೊಳಗೆ ಹೊಟ್ಟೆ ಕರೆ ಕೊಡುವುದು ಸಹಜ, ಆದರೆ ಆ ಹೊತ್ತಿಗೆ ನಾನು ಮೆಟ್ರೋದಲ್ಲಿ, ಮೆಜೆಸ್ಟಿಕ್ ದಾಟಿ ಜನರ ನಡುವೆ ನಿಂತಿರುತ್ತಿದ್ದೆ. ವೈಟ್‌ಫೀಲ್ಡ್ ತಲುಪುವಷ್ಟರಲ್ಲಿ ಆ ಕರೆ ನಿಂತುಹೋಗುತ್ತಿತ್ತು. ತಡೆದಷ್ಟೂ ಕರುಳು ನೀರನ್ನು ಹೀರುತ್ತಲೇ ಇರುತ್ತದೆ, ಮಲ ಮತ್ತಷ್ಟು ಒಣಗುತ್ತದೆ.

ಮತ್ತೆ ಅದೇ ಡಾಕ್ಟರಮ್ಮನ ಬಳಿ ಕುಳಿತಾಗ, ಈ ಮಾತ್ರೆಯೇ ಬೇಡವೆಂದು ಹೇಳಿಬಿಡಬೇಕು ಎನ್ನಿಸಿತ್ತು. ಅವರು ಮಾತ್ರೆಯ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿದ್ದ ಸಾಲನ್ನು ಓದಿಸಿದರು. ಫೆರಸ್ ಆಸ್ಕಾರ್ಬೇಟ್, ಎಲಿಮೆಂಟಲ್ ಐರನ್ 100 ಮಿಲಿಗ್ರಾಂಗೆ ಸಮ, ಜೊತೆಗೆ ಫೋಲಿಕ್ ಆಸಿಡ್ ಎಂದು ಅಲ್ಲಿತ್ತು. ಮಾತ್ರೆಯ ಒಟ್ಟು ತೂಕ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯಬೇಕಾದದ್ದು ಈ ಎಲಿಮೆಂಟಲ್ ಐರನ್, ಎಂದರೆ ಅದರೊಳಗಿನ ಶುದ್ಧ ಕಬ್ಬಿಣದ ಅಂಶ. ನಾನು ದಿನಕ್ಕೆ 200 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೆ. ರಕ್ತಹೀನತೆ ಇರುವವರ ಕರುಳು ಕೂಡ ಅದರಲ್ಲಿ ಸುಮಾರು ಶೇಕಡಾ 10ರಿಂದ 20ರಷ್ಟನ್ನು ಮಾತ್ರ ಹೀರುತ್ತದೆ. ಆ ಲೆಕ್ಕದಲ್ಲಿ ದಿನವೂ 160 ಮಿಲಿಗ್ರಾಂಗೆ ಕಡಿಮೆಯಿಲ್ಲದಷ್ಟು ಕಬ್ಬಿಣ ಯಾವ ಉಪಯೋಗಕ್ಕೂ ಬಾರದೆ ನನ್ನ ಕರುಳಿನುದ್ದಕ್ಕೂ ಸಾಗುತ್ತಿತ್ತು. ಬಣ್ಣ ಕಪ್ಪಾಗುವುದಕ್ಕೂ, ಕರುಳಿನ ಒಳಪೊರೆ ಕೆರಳುವುದಕ್ಕೂ, ಅಲ್ಲಿನ ಸೂಕ್ಷ್ಮಜೀವಿಗಳ ಹದ ತಪ್ಪಿ ಕರುಳಿನ ಚಲನೆ ನಿಧಾನವಾಗುವುದಕ್ಕೂ ಕಾರಣ ಹೀಗೆ ಉಳಿದುಹೋಗುವ ಈ ಕಬ್ಬಿಣವೇ.

“ಹಾಗಾದರೆ ಎರಡು ಮಾತ್ರೆ ಯಾಕೆ?” ಎಂದು ಕೇಳಿದೆ. ಹಿಂದೆ ಹೆಚ್ಚು ಕೊಟ್ಟಷ್ಟೂ ಬೇಗ ಗುಣವಾಗುತ್ತದೆಂದು ನಂಬಿ ದಿನಕ್ಕೆ ಎರಡು ಮೂರು ಸಲ ಕೊಡುತ್ತಿದ್ದರು, ಆ ರೂಢಿ ಇನ್ನೂ ಹೋಗಿಲ್ಲ ಎಂದರು. ಆಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನಿನ ವಿಷಯ ತಿಳಿಸಿದರು. ಒಂದು ಮಾತ್ರೆಯ ಕಬ್ಬಿಣ ರಕ್ತ ಸೇರುತ್ತಿದ್ದಂತೆ ಯಕೃತ್ತು ಈ ಹಾರ್ಮೋನನ್ನು ಹೆಚ್ಚಿಸುತ್ತದೆ. ಅದು ಸುಮಾರು ಒಂದು ದಿನದವರೆಗೆ ಏರಿದ ಮಟ್ಟದಲ್ಲೇ ಇದ್ದು, ಕರುಳು ಮತ್ತೆ ಕಬ್ಬಿಣವನ್ನು ಒಳಗೆ ಬಿಡದಂತೆ ತಡೆಯುತ್ತದೆ. ಹಾಗಾಗಿ ಬೆಳಿಗ್ಗೆಯ ಮಾತ್ರೆಯಿಂದ ಉಂಟಾದ ಈ ತಡೆಯಿಂದಾಗಿ ರಾತ್ರಿಯ ಮಾತ್ರೆ ಬಹುಪಾಲು ವ್ಯರ್ಥವಾಗುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಸಂಶೋಧಕರು 2015ರಲ್ಲಿ ಮತ್ತು 2017ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಕಬ್ಬಿಣದ ಕೊರತೆಯಿರುವ ಹೆಂಗಸರಿಗೆ ದಿನ ಬಿಟ್ಟು ದಿನ ಮಾತ್ರೆ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೀರಿಕೆಯಾಗುವ ಪಾಲು ಹೆಚ್ಚುತ್ತದೆಂದು ತೋರಿಸಿದ್ದಾರೆ. ಇದನ್ನೆಲ್ಲ ಹೇಳಿ ಅವರು ಹೊಸ ಚೀಟಿ ಬರೆದರು: ಅದೇ 100 ಮಿಲಿಗ್ರಾಂ ಮಾತ್ರೆ ಒಂದು, ಒಂದು ದಿನ ಬಿಟ್ಟು ಒಂದು ದಿನ, ಬೆಳಿಗ್ಗೆ. ಒಂದು ತಿಂಗಳಿಗೆ ಹಿಮೋಗ್ಲೋಬಿನ್ ಕನಿಷ್ಠ ಒಂದು ಗ್ರಾಂ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಯೋಚನೆ ಮಾಡೋಣ ಎಂದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಬದಲಾವಣೆ ನನ್ನ ವರದಿಗಳನ್ನು ನೋಡಿದ ಡಾಕ್ಟರು ಮಾಡಿದ್ದು. ಗರ್ಭಿಣಿಯರ ವಿಷಯವೇ ಬೇರೆ. ನನ್ನ ನಾದಿನಿ ಬಸುರಿ, ಅವಳಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ, ಅದನ್ನು ನಾಲ್ಕನೆಯ ತಿಂಗಳಿನಿಂದ ಪ್ರತಿದಿನವೂ ತೆಗೆದುಕೊಳ್ಳಬೇಕೆಂಬುದು ಕಾರ್ಯಕ್ರಮದ ನಿಯಮ. ನನ್ನ ಅನುಭವ ಕೇಳಿ ಅವಳೂ ದಿನ ಬಿಟ್ಟು ದಿನ ಮಾಡುತ್ತೇನೆಂದಾಗ ನಾನು ತಡೆದೆ. ಅವಳಿಗೂ ತೊಂದರೆಯಿದ್ದರೆ ಅವಳ ಡಾಕ್ಟರಿಗೇ ಹೇಳಬೇಕು.

ಮಾತ್ರೆ ತೆಗೆದುಕೊಳ್ಳುವ ಕ್ರಮವನ್ನೂ ಅವರು ಪೂರ್ತಿ ಬದಲಾಯಿಸಿದರು, ಇದು ನಮ್ಮ ಅಡುಗೆಮನೆಗೆ ನೇರವಾಗಿ ಸಂಬಂಧಿಸಿದ್ದು. ಕಾಫಿ, ಟೀ ಎರಡರಲ್ಲೂ ಇರುವ ಅಂಶಗಳು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳು ಹೀರದಂತೆ ಮಾಡುತ್ತವೆ. ಹಾಲು, ಮೊಸರು, ಕ್ಯಾಲ್ಸಿಯಂ ಮಾತ್ರೆಗಳು ಕೂಡ ಅಡ್ಡಿ. ರಾಗಿ ಒಳ್ಳೆಯ ಆಹಾರವೇ, ಆದರೆ ಅದರಲ್ಲಿರುವ ಫೈಟೇಟ್ ಮತ್ತು ಕ್ಯಾಲ್ಸಿಯಂನಿಂದಾಗಿ ರಾಗಿ ಗಂಜಿಯ ಜೊತೆ ನುಂಗಿದ ಮಾತ್ರೆ ಹೆಚ್ಚು ದಕ್ಕುವುದಿಲ್ಲ. ಮೊದಲ ಚೀಟಿಯ ಪ್ರಕಾರ ನಾನು ತಿಂಡಿ, ಕಾಫಿ ಮುಗಿಸಿ ಒಂದು ಮಾತ್ರೆಯನ್ನೂ, ರಾತ್ರಿ ಮೊಸರನ್ನದ ಮೇಲೆ ಕ್ಯಾಲ್ಸಿಯಂ ಜೊತೆಗೆ ಇನ್ನೊಂದನ್ನೂ ನುಂಗುತ್ತಿದ್ದೆ. ಹೀರಿಕೆ ಕಡಿಮೆ, ಉಳಿಕೆ ಹೆಚ್ಚು, ಅದರ ಫಲ ಕರುಳಿಗೆ. ಕ್ಯಾಲ್ಸಿಯಂ ಅನ್ನು ಮಧ್ಯಾಹ್ನದ ಊಟಕ್ಕೆ ಸರಿಸಿದರು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೂ ಕಬ್ಬಿಣಕ್ಕೂ ನಾಲ್ಕು ಗಂಟೆ ಅಂತರ ಇಡಬೇಕೆಂದೂ, ಆಮ್ಲೀಯತೆಗೆ ದಿನವೂ ಮಾತ್ರೆ ನುಂಗುವವರಿಗೆ ಕಬ್ಬಿಣ ಸರಿಯಾಗಿ ಹೀರಿಕೆಯಾಗದಿರಬಹುದೆಂದೂ ಹೇಳಿದರು.

ಹೊಸ ಕ್ರಮ ಹೀಗಾಯಿತು. ಮಾತ್ರೆಯ ದಿನ ಬೆಳಿಗ್ಗೆ ಐದೂವರೆಗೆ ಎದ್ದು, ಒಂದು ದೊಡ್ಡ ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ಅದರೊಡನೆ ಮಾತ್ರೆ ನುಂಗುವುದು, ಆಮೇಲೆ ಮಲಗದೆ ಓಡಾಡಿಕೊಂಡು ಕೆಲಸ ಮಾಡುವುದು. ಸ್ವಲ್ಪವೇ ನೀರು ಕುಡಿದು ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಅಂಟಿ ಅಲ್ಲಿಯೇ ಸುಡುವ ಅಪಾಯವಿದೆ. ತಿಂಡಿ ಏಳು ಗಂಟೆಗೆ. ಕಾಫಿ ಮಾತ್ರ ಕಚೇರಿಗೆ ಹೋದ ಮೇಲೆ. ಖಾಲಿ ಹೊಟ್ಟೆಯಲ್ಲಿ ನನಗೆ ಮೊದಲ ಕೆಲವು ಸಲ ಓಕರಿಕೆ ಬಂತು. ಹಾಗಾದರೆ ಖಾಲಿ ಹೊಟ್ಟೆಯೇ ಆಗಬೇಕೆಂದೇನಿಲ್ಲ, ಒಂದು ತುಂಡು ಸೀಬೆಹಣ್ಣು ತಿಂದು ನುಂಗಿ, ಹೀರಿಕೆ ಸ್ವಲ್ಪ ಕಡಿಮೆಯಾದರೂ ಮಾತ್ರೆ ನಿಲ್ಲಿಸುವುದಕ್ಕಿಂತ ಅದೇ ಮೇಲು ಎಂದರು ಡಾಕ್ಟರಮ್ಮ. ಸೀಬೆಯಲ್ಲಿ ಸಿ ಜೀವಸತ್ವ ಧಾರಾಳವಾಗಿದೆ, ಅದು ಕಬ್ಬಿಣದ ಹೀರಿಕೆಗೂ ಒಳ್ಳೆಯದೇ. ಓಕರಿಕೆ ನಿಂತಿತು.

ಒಂದು ತೊಡಕನ್ನು ಮಾತ್ರ ಯಾರೂ ಊಹಿಸಿರಲಿಲ್ಲ. ನನ್ನಂಥ ಎಷ್ಟೋ ಜನರಿಗೆ ಬೆಳಗಿನ ಫಿಲ್ಟರ್ ಕಾಫಿಯೇ ಹೊಟ್ಟೆಗೆ ಕರೆಗಂಟೆ. ಕಾಫಿ ದೊಡ್ಡ ಕರುಳನ್ನು ಚುರುಕುಗೊಳಿಸುವುದು ನಿಜವಾದ ಸಂಗತಿ. ಅದನ್ನು ಮುಂದೂಡಿದಾಗ ಬೆಳಗಿನ ಆ ಪ್ರಚೋದನೆ ತಪ್ಪಿಹೋಯಿತು. ಇಲ್ಲಿ ದಿನ ಬಿಟ್ಟು ದಿನದ ಕ್ರಮದಿಂದ ನನಗೆ ಎರಡನೆಯ ಲಾಭ ದೊರೆಯಿತು. ಮಾತ್ರೆಯಿಲ್ಲದ ದಿನ ಎಂದಿನಂತೆ ಆರು ಗಂಟೆಗೆ ಕಾಫಿ ಕುಡಿದು, ತಿಂಡಿ ತಿಂದು, ಮನೆಯಲ್ಲಿಯೇ ನೆಮ್ಮದಿಯಾಗಿ ಹೋಗಿ ಬರುತ್ತಿದ್ದೆ. ಮಾತ್ರೆಯ ದಿನ ತಿಂಡಿಯ ಜೊತೆ ಬಿಸಿನೀರು ಕುಡಿದು ಹತ್ತು ನಿಮಿಷ ಕಕ್ಕಸಿನಲ್ಲಿ ಕೂರುತ್ತಿದ್ದೆ. ಇದಕ್ಕಾಗಿ ಮನೆ ಬಿಡುವ ಹೊತ್ತನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ, ಕಚೇರಿಯಲ್ಲಿ ಕೇಳಿ ಒಪ್ಪಿಗೆ ಪಡೆದೆ.

ಆದರೆ ಇಷ್ಟರಿಂದಲೇ ಮಲಬದ್ಧತೆ ಹೋಗಲಿಲ್ಲ. ಅದಾಗಲೇ ಒಳಗೆ ಗಟ್ಟಿಯಾಗಿ ನಿಂತಿದ್ದದ್ದು ಮೊದಲು ಹೊರಬರಬೇಕಿತ್ತು. ಅಮ್ಮ ಸೊಪ್ಪು, ಹುರುಳಿಕಾಯಿ ಪಲ್ಯಗಳನ್ನು ರಾಶಿ ರಾಶಿಯಾಗಿ ಬಡಿಸತೊಡಗಿದ್ದರು, ಅದರಿಂದ ಹೊಟ್ಟೆ ಇನ್ನಷ್ಟು ಉಬ್ಬರಿಸಿತು. ಮುಂದಿನ ದಾರಿ ಕಟ್ಟಿಕೊಂಡಿರುವಾಗ ಹಿಂದಿನಿಂದ ನಾರನ್ನು ತುಂಬಿದರೆ ಹಾಗೆಯೇ ಆಗುವುದು ಎಂದು ಡಾಕ್ಟರಮ್ಮ ಹೇಳಿ, ಮೊದಲು ಲ್ಯಾಕ್ಟುಲೋಸ್ ಸಿರಪ್ ಬರೆದರು, ರಾತ್ರಿ 15 ಮಿಲಿಲೀಟರ್. ಇದು ಕರುಳಿನೊಳಕ್ಕೆ ನೀರನ್ನು ಎಳೆದು ಮಲವನ್ನು ಮೆತ್ತಗೆ ಮಾಡುತ್ತದೆ, ಕರುಳನ್ನು ಒದ್ದು ಓಡಿಸುವುದಿಲ್ಲ. ಆದ್ದರಿಂದಲೇ ಕುಡಿದ ರಾತ್ರಿಯೇ ಫಲ ನಿರೀಕ್ಷಿಸಬಾರದು, ಒಂದೆರಡು ದಿನ ಬೇಕು. ಮೊದಲ ದಿನ ಏನೂ ಆಗಲಿಲ್ಲವೆಂದು ಪ್ರಮಾಣವನ್ನು ತಾವೇ ಹೆಚ್ಚಿಸಿಕೊಂಡವರಿಗೆ ಮೂರನೆಯ ದಿನ ಭೇದಿಯಾಗಬಹುದು. ನನಗೆ ಎರಡನೆಯ ದಿನ ಗಾಳಿ, ಗುಡುಗುಡು ಶಬ್ದ ವಿಪರೀತವಾಗಿತ್ತು. ಮೂರನೆಯ ದಿನ ಬೆಳಿಗ್ಗೆ ನೋವಿಲ್ಲದೆ ಹೊಟ್ಟೆ ಖಾಲಿಯಾಯಿತು, ಆ ಹಗುರವನ್ನು ನಾನು ಮರೆಯಲಾರೆ. ಮನೆಯ ಹಿರಿಯರು ಸೂಚಿಸಿದ ಹರಳೆಣ್ಣೆಯನ್ನು ಡಾಕ್ಟರಮ್ಮ ಬೇಡವೆಂದರು. ಮಾತ್ರೆ ತಿಂಗಳುಗಟ್ಟಲೆ ನಡೆಯುವಂಥದ್ದು, ಜೋರಾಗಿ ಭೇದಿ ಮಾಡಿಸುವ ಔಷಧಿಯನ್ನು ಅಷ್ಟು ದಿನ ಕೊಡಲಾಗದು.

ಕೆಂಪು ರಕ್ತದ ಹನಿಗಳ ಕಾರಣ ಗುದದ ಅಂಚಿನಲ್ಲಿ ಬಿರಿದ ಚಿಕ್ಕ ಗಾಯವೆಂದು ಪರೀಕ್ಷಿಸಿ ತಿಳಿಸಿದರು. ಟಬ್ಬಿನಲ್ಲಿ ಬಿಸಿನೀರು ತುಂಬಿ, ಮುಟ್ಟಿದರೆ ಹಿತವಾಗಿರುವಷ್ಟು ಬಿಸಿ, ಮಲ ವಿಸರ್ಜನೆಯ ನಂತರ ಹತ್ತು ಹದಿನೈದು ನಿಮಿಷ ಕುಳಿತರೆ ಬಿಗಿದ ಸ್ನಾಯು ಸಡಿಲವಾಗಿ ಉರಿ ಇಳಿಯುತ್ತಿತ್ತು. ಮಲ ಮೆತ್ತಗಾದ ಮೇಲೆ ಅದು ತಾನಾಗಿ ಮಾಯಿತು. ಇಂಥ ರಕ್ತವನ್ನೂ ಡಾಕ್ಟರಿಗೆ ತೋರಿಸದೆ ಮೂಲವ್ಯಾಧಿಯೆಂದು ತೀರ್ಮಾನಿಸಿಕೊಳ್ಳಬೇಡಿ. ಕಬ್ಬಿಣದ ಕೊರತೆಗೆ ದೊಡ್ಡ ಕರುಳಿನ ಕಾಯಿಲೆಯೂ ಕಾರಣವಾಗಿರಬಹುದು, ಮುಖ್ಯವಾಗಿ ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ.

ದಾರಿ ತೆರವಾದ ಮೇಲೆ ನಾರಿನ ಸರದಿ. ರಾತ್ರಿ ಊಟವಾದ ಮೇಲೆ ಒಂದು ಚಮಚ ಇಸಬ್‌ಗೋಲ್ ಹೊಟ್ಟು, ಒಂದು ವಾರದ ನಂತರ ಎರಡು ಚಮಚ. ಇದನ್ನು ನೀರಿಗೆ ಹಾಕಿದರೆ ಕ್ಷಣಗಳಲ್ಲಿ ಲೋಳೆಯಾಗುತ್ತದೆ, ಆದ್ದರಿಂದ ಕಲಕಿದ ಕೂಡಲೇ ಕುಡಿದು, ಅದರ ಮೇಲೆ ಮತ್ತೊಂದು ಲೋಟ ನೀರು ಕುಡಿಯಲೇಬೇಕು. ನೀರು ಸಾಲದಿದ್ದರೆ ಇದೇ ಒಳಗೆ ಗಟ್ಟಿಯಾಗಿ ಕೂರುತ್ತದೆ. ಕಬ್ಬಿಣದ ಮಾತ್ರೆ ಬೆಳಿಗ್ಗೆ, ಇದು ರಾತ್ರಿ ಆದ್ದರಿಂದ ಒಂದಕ್ಕೊಂದು ಅಡ್ಡಬರುವುದಿಲ್ಲ. ಲ್ಯಾಕ್ಟುಲೋಸನ್ನು ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸಿದೆವು. ಮಧ್ಯಾಹ್ನದ ಡಬ್ಬಿಗೆ ಮೊಳಕೆ ಹುರುಳಿ, ಸೊಪ್ಪಿನ ಪಲ್ಯ, ಸಂಜೆಗೆ ಪರಂಗಿಹಣ್ಣು ಸೇರಿಸಿಕೊಂಡೆ. ನೀರಿನ ವಿಷಯದಲ್ಲಿ ಕಚೇರಿಯ ಹವಾನಿಯಂತ್ರಣ ಮೋಸ ಮಾಡುತ್ತದೆ, ದಾಹವೇ ಆಗುವುದಿಲ್ಲ. ಒಂದು ಲೀಟರ್ ಬಾಟಲಿಯನ್ನು ಮಧ್ಯಾಹ್ನದೊಳಗೆ ಒಂದು, ಸಂಜೆಯೊಳಗೆ ಇನ್ನೊಂದು ಖಾಲಿ ಮಾಡಬೇಕೆಂದು ನಿಯಮ ಮಾಡಿಕೊಂಡೆ. ಮನೆಯಲ್ಲಿರುವುದು ವೆಸ್ಟರ್ನ್ ಕಮೋಡ್. ಅದರ ಮುಂದೆ ಸ್ನಾನದ ಮನೆಯ ಚಿಕ್ಕ ಪ್ಲಾಸ್ಟಿಕ್ ಸ್ಟೂಲನ್ನು ಇಟ್ಟು, ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಪಾದ ಊರಿ, ಸ್ವಲ್ಪ ಮುಂದಕ್ಕೆ ಬಾಗಿ ಕೂರುವುದರಿಂದ ತಿಣುಕುವುದು ಬಹಳ ಕಡಿಮೆಯಾಯಿತು. ನನಗೆ ಖರ್ಚೇ ಇಲ್ಲದೆ ಅತಿ ಹೆಚ್ಚು ಉಪಕಾರ ಮಾಡಿದ್ದು ಇದೇ.

ಖರ್ಚಿನ ಮಾತಿಗೆ ಬಂದರೆ, ಮಾತ್ರೆಗಿಂತ ಪರೀಕ್ಷೆಗಳಿಗೇ ಹೆಚ್ಚು ಹೋಯಿತು. ಡಾಕ್ಟರಮ್ಮ ಔಷಧಿಯ ಮೂಲ ಹೆಸರನ್ನು ಬರೆದಿದ್ದರಿಂದ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು. ಅಲ್ಲಿ ಒಮ್ಮೆ ದಾಸ್ತಾನು ಮುಗಿದಿತ್ತು. ಬೇರೆ ಅಂಗಡಿಯವರು ಬದಲಿಗೆ ನಿಧಾನವಾಗಿ ಕರಗುವ ಮಾತ್ರೆ ಕೊಡಲು ಬಂದು, “ಇದರಲ್ಲಿ ಹೊಟ್ಟೆ ತೊಂದ್ರೆ ಇರಲ್ಲ ಮೇಡಂ” ಎಂದರು. ಕೇಳಿ ನೋಡಿದಾಗ ಡಾಕ್ಟರಮ್ಮ ಬೇಡವೆಂದರು. ಕಬ್ಬಿಣ ಮುಖ್ಯವಾಗಿ ಹೀರಿಕೆಯಾಗುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಅಂಥ ಮಾತ್ರೆಗಳು ಅದನ್ನು ದಾಟಿದ ಮೇಲೆ ಕರಗುವ ಸಾಧ್ಯತೆ ಇರುವುದರಿಂದ, ತೊಂದರೆ ಕಡಿಮೆ ಎನಿಸಿದರೂ ಗುಣವೂ ಕಡಿಮೆಯಾಗಬಹುದು. ಬದಲಿ ಮಾತ್ರೆ ಕೊಂಡರೆ ಎಲಿಮೆಂಟಲ್ ಐರನ್ ಎಷ್ಟಿದೆ ಎಂದು ನೋಡಿ, ಕೇಳಿಯೇ ಕೊಳ್ಳಿ.

ಹೊಸ ಕ್ರಮದ ಮೊದಲ ತಿಂಗಳ ಕೊನೆಯಲ್ಲಿ ಹಿಮೋಗ್ಲೋಬಿನ್ 9.7 ಆಗಿತ್ತು. ಮೊದಲಿನ ಅರ್ಧವೂ ಅಲ್ಲ, ಕಾಲು ಭಾಗ ಕಬ್ಬಿಣದಲ್ಲಿ ಇಷ್ಟು ಏರಿದ್ದು ನೋಡಿ ನನಗೆ ಕಣ್ಣು ತುಂಬಿತು. ಅಷ್ಟರಲ್ಲಿ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಿ, ಮುಟ್ಟಿನ ಸ್ರಾವಕ್ಕೂ ಚಿಕಿತ್ಸೆ ಶುರುವಾಗಿತ್ತು. ಅದಿಲ್ಲದಿದ್ದರೆ ಒಂದು ಕಡೆ ತುಂಬಿದ್ದು ಇನ್ನೊಂದು ಕಡೆ ಹರಿದುಹೋಗುತ್ತಿತ್ತು. ಕೆಲವು ತಿಂಗಳಲ್ಲಿ ಹಿಮೋಗ್ಲೋಬಿನ್ 12 ದಾಟಿತು. ಆಗ ಮಾತ್ರೆ ನಿಲ್ಲಿಸಬಹುದೆಂದುಕೊಂಡಿದ್ದೆ, ಆದರೆ ಇನ್ನೂ ಮೂರು ತಿಂಗಳು ಎಂದರು. ರಕ್ತದ ಕೊರತೆ ಮೊದಲು ತುಂಬುತ್ತದೆ, ದಾಸ್ತಾನು ಆಮೇಲೆ ತುಂಬುತ್ತದೆ. ಅಲ್ಲಿಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮೊದಲಿದ್ದಲ್ಲಿಗೇ ಬರುತ್ತೇವೆ. ಆ ಮೂರು ತಿಂಗಳು ಮಲ ಕಡುಬಣ್ಣದಲ್ಲೇ ಇತ್ತು, ಆದರೆ ಮೊದಲಿನಷ್ಟು ಕಪ್ಪಲ್ಲ. ಮೆತ್ತಗಿತ್ತು, ದಿನವೂ ಆಗುತ್ತಿತ್ತು.

ಕೊನೆಯ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12.6, ಫೆರಿಟಿನ್ 48. ಮಾತ್ರೆ ನಿಲ್ಲಿಸಿದ ಮೇಲೆ ಕೆಲವು ದಿನಗಳಲ್ಲಿ ಬಣ್ಣ ಸಹಜವಾಗಬೇಕು, ಒಂದು ವಾರ ಕಳೆದರೂ ಕಪ್ಪಾಗಿಯೇ ಇದ್ದರೆ ಬಂದು ತೋರಿಸಬೇಕು ಎಂದಿದ್ದಾರೆ. ಮೂರು ತಿಂಗಳ ನಂತರ ಮತ್ತೆ ರಕ್ತಪರೀಕ್ಷೆ. ಕೊಲೊನೋಸ್ಕೋಪಿಗೆ ದಿನ ಗೊತ್ತಾದವರು ಕಬ್ಬಿಣದ ಮಾತ್ರೆಯ ವಿಷಯವನ್ನು ಮೊದಲೇ ತಿಳಿಸಬೇಕು, ಸಾಮಾನ್ಯವಾಗಿ ಒಂದು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ, ಇಲ್ಲವಾದರೆ ಕಪ್ಪು ಉಳಿಕೆಯಿಂದ ಕರುಳಿನ ಒಳಪದರ ಸ್ಪಷ್ಟವಾಗಿ ಕಾಣುವುದಿಲ್ಲ. ನನ್ನಲ್ಲಿ ಉಳಿದ ಮಾತ್ರೆಗಳನ್ನು ಅಡುಗೆಮನೆಯ ಕಪಾಟಿನಿಂದ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅಣ್ಣನ ಮಗು ಆಗಾಗ ಮನೆಗೆ ಬರುತ್ತದೆ, ಕೆಂಪಗೆ ಮಿನುಗುವ ಈ ಮಾತ್ರೆಗಳನ್ನು ಮಿಠಾಯಿಯೆಂದು ಕೆಲವನ್ನು ನುಂಗಿದರೂ ಚಿಕ್ಕ ಮಕ್ಕಳ ಪ್ರಾಣಕ್ಕೆ ಅಪಾಯ. ಹಾಗೇನಾದರೂ ಆದರೆ ಮಗು ಚೆನ್ನಾಗಿ ಆಡುತ್ತಿದೆಯೆಂದು ಕಾಯದೆ, ಮಾತ್ರೆಯ ಹಾಳೆಯನ್ನು ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು.